ಫೋನ್ ಕಳೆದರೆ ಪಾಸ್‌ಕೀ ಕಳೆಯುತ್ತಾ?

ಕಳೆದ ಸೆಮಿಸ್ಟರ್‌ನ ಒಂದು ಭಾನುವಾರ ರಾತ್ರಿ. ನಮ್ಮ ರೂಮಿನ ನಾಲ್ವರಲ್ಲಿ ಒಬ್ಬ ಊರಿಂದ ಬಸ್ಸಲ್ಲಿ ವಾಪಸ್ ಬಂದ. ಬ್ಯಾಗ್ ಬಂತು, ಅಮ್ಮ ಕೊಟ್ಟ ಚಕ್ಕುಲಿ ಡಬ್ಬಿ ಬಂತು, ಫೋನ್ ಮಾತ್ರ ಬರಲಿಲ್ಲ. ಸೀಟಿನ ಸಂದಿಯಲ್ಲಿ ಜಾರಿತೋ, ಇಳಿಯುವ ನೂಕುನುಗ್ಗಲಲ್ಲಿ ಯಾರಾದರೂ ಎತ್ತಿದರೋ ಅವನಿಗೂ ಗೊತ್ತಿಲ್ಲ. ಬಂದವನೇ ಮಂಚದ ಮೇಲೆ ಕೂತು ಹೇಳಿದ ಮೊದಲ ಮಾತು: "ನಿಮ್ಮ ಮಾತು ಕೇಳಿ ಪಾಸ್‌ವರ್ಡ್ ಬಿಟ್ಟೆ ಕಣ್ರೋ. ಈಗ ಫೋನೂ ಇಲ್ಲ, ಪಾಸ್‌ಕೀನೂ ಇಲ್ಲ. ಬುಧವಾರ ಎಕ್ಸಾಮ್ ಫೀ ಕಟ್ಟೋಕೆ ಕೊನೆ ದಿನ, ಏನ್ ಮಾಡ್ಲಿ?"

ನಮಗೆ ಸ್ವಲ್ಪ ಅಪರಾಧಿ ಭಾವನೆ ಬಂದದ್ದು ನಿಜ. ಎರಡು ತಿಂಗಳ ಹಿಂದೆ ಅವನ ಹಿಂದೆ ಬಿದ್ದು ಪಾಸ್‌ಕೀ ಹಾಕಿಸಿದ್ದೇ ನಾವು. ಆದರೆ ಮುಂದಿನ ಐದು ದಿನ ಏನೇನಾಯಿತು ಅಂತ ನೋಡಿದ ಮೇಲೆ ನಮ್ಮ ಅಭಿಪ್ರಾಯ ಬದಲಾಗಲಿಲ್ಲ, ಇನ್ನೂ ಗಟ್ಟಿಯಾಯಿತು. ಜೊತೆಗೆ ಒಂದು ಷರತ್ತೂ ಸೇರಿಕೊಂಡಿತು. ಈ ಬರಹ ಆ ಷರತ್ತಿನ ಬಗ್ಗೆ.

ನಾವು ಯಾಕೆ ಹಿಂದೆ ಬಿದ್ದಿದ್ದು

ಫಸ್ಟ್ ಇಯರ್‌ನಲ್ಲಿ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಇಂಟರ್ನ್‌ಶಿಪ್ ಫಾರ್ಮ್ ಬಂತು. ಲಿಂಕ್ ಒತ್ತಿದರೆ ಗೂಗಲ್ ಲಾಗಿನ್ ಪೇಜ್. ಅದೇ ಬಣ್ಣ, ಅದೇ ಅಕ್ಷರ. ಇವನು ಪಾಸ್‌ವರ್ಡ್ ಟೈಪ್ ಮಾಡಿದ, ಬಂದ ಓಟಿಪಿಯನ್ನೂ ಟೈಪ್ ಮಾಡಿದ. ಆ ಪೇಜ್ ಗೂಗಲ್‌ದಲ್ಲ. ಇವನು ಕೊಟ್ಟದ್ದನ್ನು ಆ ಕಡೆ ಕೂತವನು ಅದೇ ನಿಮಿಷದಲ್ಲಿ ಅಸಲಿ ಪೇಜಿಗೆ ಹಾಕಿ ಒಳಗೆ ಹೋಗಿದ್ದ. ಅಕೌಂಟ್ ವಾಪಸ್ ಸಿಗುವಷ್ಟರಲ್ಲಿ ಇವನ ಹೆಸರಲ್ಲಿ ಅರ್ಧ ಕ್ಲಾಸಿಗೆ ಅದೇ ಲಿಂಕ್ ಹೋಗಿತ್ತು.

ಇಲ್ಲಿ ಪಾಸ್‌ವರ್ಡ್ ಎಷ್ಟು ಉದ್ದ ಇತ್ತು ಅನ್ನೋದು ಲೆಕ್ಕಕ್ಕೇ ಬರಲ್ಲ. ನಮ್ಮ ತಲೆಯಲ್ಲಿರುವ ಗುಟ್ಟನ್ನು ನಾವೇ ಯಾರಿಗಾದರೂ ಕೊಡಬಹುದು, ತೊಂದರೆ ಇರೋದೇ ಅಲ್ಲಿ. ಪಾಸ್‌ಕೀಯಲ್ಲಿ ಕೊಡೋಕೆ ಏನೂ ಇರಲ್ಲ. ಒಂದು ಸೈಟಿನಲ್ಲಿ ಪಾಸ್‌ಕೀ ಮಾಡಿದಾಗ ನಮ್ಮ ಫೋನ್ ಜೋಡಿ ಕೀಲಿಗಳನ್ನು ಹುಟ್ಟಿಸುತ್ತದೆ. ಪಬ್ಲಿಕ್ ಕೀ ಸೈಟಿಗೆ ಹೋಗುತ್ತದೆ, ಪ್ರೈವೇಟ್ ಕೀ ನಮ್ಮ ಹತ್ತಿರವೇ ಉಳಿಯುತ್ತದೆ. ಮುಂದೆ ಲಾಗಿನ್ ಆಗುವಾಗ ಸೈಟ್ ಪ್ರತಿಸಲ ಹೊಸದೊಂದು ಸಂಖ್ಯೆ ಕಳಿಸುತ್ತೆ, ಫೋನ್ ಅದಕ್ಕೆ ಪ್ರೈವೇಟ್ ಕೀಯಿಂದ ಸಹಿ ಹಾಕಿ ವಾಪಸ್ ಕಳಿಸುತ್ತೆ, ಸೈಟ್ ಪಬ್ಲಿಕ್ ಕೀ ಹಿಡಿದು ಸಹಿ ಸರಿಯಾ ಅಂತ ನೋಡುತ್ತೆ. ನಮ್ಮ ಬೆರಳಚ್ಚು ಎಲ್ಲೂ ಹೋಗಲ್ಲ. ಸಹಿ ಹಾಕೋಕೆ ಅನುಮತಿ ಕೊಡೋದಷ್ಟೇ ಅದರ ಕೆಲಸ.

ಮುಖ್ಯ ವಿಷಯ ಏನೆಂದರೆ, ಆ ಕೀಲಿ ಯಾವ ಡೊಮೈನಿಗೆ ಹುಟ್ಟಿತೋ ಅದಕ್ಕಷ್ಟೇ ಕೆಲಸ ಮಾಡುತ್ತೆ. ನಕಲಿ ಪೇಜ್ ಎಷ್ಟೇ ಚೆನ್ನಾಗಿರಲಿ, ಅದರ ವಿಳಾಸ ಬೇರೆ. ಹಾಗಾಗಿ ಬ್ರೌಸರ್ ಅಲ್ಲಿ ಆ ಕೀಲಿಯನ್ನು ತೋರಿಸುವುದೇ ಇಲ್ಲ. ನಾವು ಮೋಸ ಹೋದರೂ ಬ್ರೌಸರ್ ಮೋಸ ಹೋಗಲ್ಲ. ನಮ್ಮ ಗೆಳೆಯನಿಗೆ ಆಗಿದ್ದನ್ನು ತಡೆಯೋಕೆ ಇಷ್ಟು ಸಾಕು. ಅದಕ್ಕೇ ಹಿಂದೆ ಬಿದ್ದಿದ್ದೆವು.

ಅವನ ಪ್ರಶ್ನೆಯೂ ನ್ಯಾಯವಾದದ್ದೇ. ಪ್ರೈವೇಟ್ ಕೀ ಫೋನಿನಲ್ಲಿದೆ ಅಂದ ಮೇಲೆ, ಫೋನ್ ಹೋದರೆ ಕೀಲಿಯೂ ಹೋಯಿತಲ್ಲವಾ?

ಆ ರಾತ್ರಿ

ಪುಣ್ಯಕ್ಕೆ ಅವನ ಲ್ಯಾಪ್‌ಟಾಪ್ ಹಾಸ್ಟೆಲಲ್ಲೇ ಇತ್ತು. ವಿಂಡೋಸ್ ಲ್ಯಾಪ್‌ಟಾಪ್, ಅದರ ಕ್ರೋಮ್‌ನಲ್ಲಿ ಅವನ ಗೂಗಲ್ ಅಕೌಂಟ್ ತೆರೆದೇ ಇತ್ತು. ಕಳೆದ ಫೋನ್ ಆಂಡ್ರಾಯ್ಡ್.

ಮೊದಲು android.com/find ತೆರೆದೆವು. ಫೋನ್ ಆಫ್‌ಲೈನ್. ಕೊನೆಯದಾಗಿ ಕಂಡದ್ದು ಬಸ್ ನಿಲ್ದಾಣದ ಹತ್ತಿರ. ಫೋನ್ ಕಳೆದಿದೆ ಅಂತ ಗುರುತು ಮಾಡಿ, ಪರದೆಯ ಮೇಲೆ ಕಾಣುವ ಹಾಗೆ ನಮ್ಮಲ್ಲೊಬ್ಬನ ನಂಬರ್ ಹಾಕಿದೆವು. ಇಷ್ಟರಲ್ಲಿ ಪಕ್ಕದ ರೂಮಿನವನು ಬಂದು, "ಮೊದಲು ಆ ಫೋನನ್ನ ಅಕೌಂಟಿಂದ ಸೈನ್ ಔಟ್ ಮಾಡ್ರೋ" ಅಂದ. ಕೇಳೋಕೆ ಸರಿ ಅನಿಸುತ್ತೆ. ಆದರೆ ಸೈನ್ ಔಟ್ ಮಾಡಿದರೆ ಆಮೇಲೆ ಆ ಫೋನನ್ನು ಹುಡುಕೋಕೂ ಆಗಲ್ಲ, ದೂರದಿಂದ ಲಾಕ್ ಮಾಡೋಕೂ ಆಗಲ್ಲ. ಮೊದಲು ಹುಡುಕು, ಲಾಕ್ ಮಾಡು, ಆಸೆ ಬಿಟ್ಟ ಮೇಲೆ ಸೈನ್ ಔಟ್ ಮಾಡು. ಈ ಕ್ರಮ ತಪ್ಪಬಾರದು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಸಿಮ್ ಕೂಡ ಬ್ಲಾಕ್ ಮಾಡಿಸಿದೆವು.

ಆಮೇಲೆ ಗಿಟ್‌ಹಬ್. ನಮ್ಮ ಮಿನಿ ಪ್ರಾಜೆಕ್ಟ್ ಪೂರ್ತಿ ಅವನ ಅಕೌಂಟಲ್ಲೇ ಇತ್ತು, ಹಾಗಾಗಿ ಅದು ನಮ್ಮೆಲ್ಲರ ತಲೆನೋವು. ಲಾಗಿನ್ ಪೇಜಿನಲ್ಲಿ ಪಾಸ್‌ಕೀ ಅಂತ ಒತ್ತಿದೆವು. ಲ್ಯಾಪ್‌ಟಾಪಿನಲ್ಲಿ ಅವನು ಯಾವತ್ತೂ ಆ ಪಾಸ್‌ಕೀ ಬಳಸಿರಲಿಲ್ಲ, ಫೋನಿನಿಂದಲೇ ಮಾಡಿದ್ದ. ಆದರೂ ಕ್ರೋಮ್ ಒಂದು ಪ್ರಶ್ನೆ ಕೇಳಿತು: ನಿಮ್ಮ ಆಂಡ್ರಾಯ್ಡ್ ಫೋನ್ ಅನ್‌ಲಾಕ್ ಮಾಡುವ ಪಿನ್ ಹಾಕಿ. ಅವನು ಅನುಮಾನದಿಂದಲೇ ಕಳೆದ ಫೋನಿನ ಪಿನ್ ಹಾಕಿದ. ಗಿಟ್‌ಹಬ್ ತೆರೆಯಿತು.

ಐದು ನಿಮಿಷ ಹಿಡಿಯಲಿಲ್ಲ. "ಇದೇನೋ ಇದು, ಕೀಲಿ ಫೋನಲ್ಲಿ ಇರ್ಲಿಲ್ವಾ?" ಅಂದ.

ಇತ್ತು, ಆದರೆ ಫೋನಿನಲ್ಲಿ ಮಾತ್ರ ಇರಲಿಲ್ಲ. ಈ ಒಂದು ವಿಷಯ ಗೊತ್ತಿದ್ದರೆ ಪಾಸ್‌ಕೀ ಬಗೆಗಿನ ಅರ್ಧ ಹೆದರಿಕೆ ಹೋಗುತ್ತೆ. ಪಾಸ್‌ಕೀಗಳಲ್ಲಿ ಎರಡು ಥರ ಇವೆ. ಒಂದು ಥರದ್ದು ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ಅಥವಾ ಆಪಲ್‌ನ ಐಕ್ಲೌಡ್ ಕೀಚೈನ್ ಒಳಗೆ ಸೇರುತ್ತೆ, ಅಲ್ಲಿಂದ ನಮ್ಮ ಬೇರೆ ಡಿವೈಸ್‌ಗಳಿಗೂ ಸಿಂಕ್ ಆಗುತ್ತೆ. ಅದು ಹೋಗುವುದು ಎನ್‌ಕ್ರಿಪ್ಟ್ ಆಗಿ, ಗೂಗಲ್‌ನವರಿಗೂ ಓದೋಕೆ ಆಗದ ಹಾಗೆ. ಬಿಚ್ಚುವ ಗುಟ್ಟು ನಮ್ಮ ಫೋನಿನ ಸ್ಕ್ರೀನ್ ಲಾಕ್, ಇಲ್ಲವೇ ನಾವೇ ಇಟ್ಟುಕೊಂಡ ಪಾಸ್‌ವರ್ಡ್ ಮ್ಯಾನೇಜರ್ ಪಿನ್. ಅದಕ್ಕೇ ಲ್ಯಾಪ್‌ಟಾಪ್ ಹಳೇ ಫೋನಿನ ಪಿನ್ ಕೇಳಿದ್ದು.

ಇನ್ನೊಂದು ಥರದ್ದು ಹುಟ್ಟಿದ ಯಂತ್ರ ಬಿಟ್ಟು ಹೊರಗೆ ಬರಲ್ಲ. ವಿಂಡೋಸ್ ಹೆಲೋದಲ್ಲಿ ಸೇವ್ ಮಾಡಿದ ಪಾಸ್‌ಕೀ ಆ ಲ್ಯಾಪ್‌ಟಾಪಿನೊಳಗಿನ ಟಿಪಿಎಂ ಎಂಬ ಭದ್ರತಾ ಚಿಪ್‌ಗೆ ಅಂಟಿಕೊಂಡಿರುತ್ತೆ. ಯುಎಸ್‌ಬಿ ಸೆಕ್ಯುರಿಟಿ ಕೀಯಲ್ಲಿ ಇಟ್ಟದ್ದೂ ಹಾಗೇ. ಆ ವಸ್ತು ಕಳೆದರೆ ಆ ಪಾಸ್‌ಕೀ ಕಳೆದಂತೆಯೇ. ನಮ್ಮ ಗೆಳೆಯನ ಅದೃಷ್ಟ, ಕಳೆದದ್ದು ಫೋನ್. ಲ್ಯಾಪ್‌ಟಾಪ್ ಕಳೆದಿದ್ದರೆ ಅದರ ವಿಂಡೋಸ್ ಹೆಲೋದಲ್ಲಿದ್ದ ಒಂದು ಪಾಸ್‌ಕೀಗೆ ಬೇರೆ ನಕಲೇ ಇರಲಿಲ್ಲ.

ನಾವು ಪಾಸ್‌ಕೀ ಮಾಡುವಾಗ ಎಲ್ಲಿ ಸೇವ್ ಮಾಡಲಿ ಅಂತ ಒಂದು ಚಿಕ್ಕ ಕಿಟಕಿ ಬರುತ್ತೆ. ನಾವೆಲ್ಲ ಅದನ್ನು ಓದದೇ ಸರಿ ಅಂತ ಒತ್ತುತ್ತೇವೆ. ಡಿವೈಸ್ ಕಳೆದ ದಿನ ಏನಾಗುತ್ತೆ ಅನ್ನೋದು ಆ ಕಿಟಕಿಯಲ್ಲೇ ತೀರ್ಮಾನ ಆಗಿಹೋಗಿರುತ್ತೆ. ಆ ಎರಡು ಸೆಕೆಂಡ್ ನಿಂತು ಓದಿ.

ಐದು ನಿಮಿಷ ಮತ್ತು ನಾಲ್ಕು ದಿನ

ಪಾಸ್‌ಕೀ ಕಥೆ ರಾತ್ರಿಯೇ ಮುಗಿಯಿತು. ನಿಜವಾದ ಗೋಳು ಶುರುವಾಗಿದ್ದು ಓಟಿಪಿಯಿಂದ.

ಎಕ್ಸಾಮ್ ಫೀ ಕಟ್ಟುವ ಪೋರ್ಟಲ್‌ಗೆ ಹಳೇ ಕಾಲದ ಪಾಸ್‌ವರ್ಡ್, ಜೊತೆಗೆ ಮೊಬೈಲಿಗೆ ಓಟಿಪಿ. ಅಂದರೆ ಅದೇ ನಂಬರಿನ ಸಿಮ್ ಬೇಕು. ಸೋಮವಾರ ಬೆಳಿಗ್ಗೆ ಡೂಪ್ಲಿಕೇಟ್ ಸಿಮ್ ತರೋಣ ಅಂತ ಹೊರಟೆವು. ಅಂಗಡಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಸಿಮ್ ಯಾರ ಹೆಸರಲ್ಲಿದೆ?" ಅವನಪ್ಪನ ಹೆಸರಲ್ಲಿ. ಅಪ್ಪ ಊರಲ್ಲಿ. ಹಾಸ್ಟೆಲಲ್ಲಿ ಇರುವ ನಮ್ಮಂಥ ಬಹಳ ಜನರ ಸಿಮ್ ಹೀಗೇ ಇರುತ್ತೆ, ಹತ್ತನೇ ಕ್ಲಾಸು ಮುಗಿದಾಗ ಅಪ್ಪನೋ ಅಮ್ಮನೋ ತಮ್ಮ ಆಧಾರ್ ಕೊಟ್ಟು ತೆಗೆಸಿದ್ದು. ಅವನಪ್ಪ ಮಂಗಳವಾರ ಕೆಲಸ ಬಿಟ್ಟು ತಾಲ್ಲೂಕಿಗೆ ಹೋಗಿ, ಬೆರಳು ಒತ್ತಿ ಸಿಮ್ ತೆಗೆದುಕೊಂಡರು. ಪರಿಚಯದವರೊಬ್ಬರ ಕೈಯಲ್ಲಿ ಬಸ್ಸಿಗೆ ಕೊಟ್ಟು ಕಳಿಸಿದರು. ಬುಧವಾರ ಬೆಳಿಗ್ಗೆ ಸಿಮ್ ನಮ್ಮ ಕೈಗೆ ಬಂತು, ಒಬ್ಬ ಸೀನಿಯರ್‌ನ ಹಳೇ ಫೋನಿಗೆ ಹಾಕಿ ಆಗಲೇ ಆಕ್ಟಿವೇಟ್ ಮಾಡಿಸಿದೆವು.

ಕಾಲ್ ಬರುತ್ತಿತ್ತು. ಓಟಿಪಿ ಬರಲಿಲ್ಲ. ಫೋನ್ ಸರಿಯಿಲ್ಲ ಅಂತ ಎರಡು ಸಲ ಆಫ್ ಆನ್ ಮಾಡಿದೆವು. ಆಮೇಲೆ ಗೊತ್ತಾಯಿತು, ತಪ್ಪು ಫೋನಿನದ್ದಲ್ಲ. ಭಾರತದಲ್ಲಿ ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಹೋಗುವುದನ್ನೂ ಬರುವುದನ್ನೂ ತಡೆಹಿಡಿಯುತ್ತಾರೆ. ಯಾರಾದರೂ ನಮ್ಮ ಹೆಸರಲ್ಲಿ ಮೋಸದಿಂದ ಸಿಮ್ ತೆಗೆದುಕೊಂಡರೆ, ತಕ್ಷಣ ಓಟಿಪಿ ಹಿಡಿದು ಬ್ಯಾಂಕ್ ಖಾಲಿ ಮಾಡಬಾರದು ಅಂತ ಇರುವ ನಿಯಮ. ಒಳ್ಳೆಯದೇ, ಆದರೆ ಕಳೆದುಕೊಂಡವನಿಗೂ ಅದೇ ಕಾಯುವಿಕೆ. ಯುಪಿಐ ಆ್ಯಪ್ ಕೂಡ ಹೊಸ ಫೋನಿನಲ್ಲಿ ಶುರುವಾಗೋಕೆ ನಮ್ಮ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಕಳಿಸುತ್ತೆ, ಹಾಗಾಗಿ ಅದೂ ಬಂದ್. ಅಲ್ಲಿವರೆಗೆ ಅವನ ಕ್ಯಾಂಟೀನ್ ಖರ್ಚು ನಮ್ಮ ಲೆಕ್ಕದಲ್ಲಿ. ಬುಧವಾರದ ಕೊನೆ ದಿನ ಹೋಯಿತು. ಗುರುವಾರ ಮಧ್ಯಾಹ್ನ ಓಟಿಪಿ ಬಂತು, ದಂಡದ ಜೊತೆ ಫೀ ಕಟ್ಟಿದ.

ಪಾಸ್‌ಕೀಗೆ ಐದು ನಿಮಿಷ, ಓಟಿಪಿಗೆ ನಾಲ್ಕು ದಿನ. ಫೋನ್ ಕಳೆದರೆ ಪಾಸ್‌ಕೀ ಅಪಾಯ ಅನ್ನುವವರಿಗೆ ನಾವು ಕೇಳೋದು ಇಷ್ಟೇ: ಫೋನ್ ಕಳೆದ ದಿನ ನಿಮ್ಮ ಓಟಿಪಿ ಎಲ್ಲಿರುತ್ತೆ?

ನಡುವೆ ಪೊಲೀಸ್ ದೂರು ಕೊಟ್ಟು, ಅದರ ಪ್ರತಿ ಇಟ್ಟುಕೊಂಡು ceir.gov.in ನಲ್ಲಿ ಐಎಂಇಐ ಬ್ಲಾಕ್ ಮಾಡಲು ಕೋರಿಕೆಯನ್ನೂ ಹಾಕಿದೆವು. ಅಲ್ಲೂ ಓಟಿಪಿ ಬೇಕು. ಐಎಂಇಐ ನಂಬರ್ ಫೋನಿನ ಡಬ್ಬಿಯ ಮೇಲಿರುತ್ತೆ. ಡಬ್ಬಿ ಎಸೆದಿದ್ದರೆ ಇವತ್ತೇ `*#06#` ಒತ್ತಿ ಬರೆದಿಟ್ಟುಕೊಳ್ಳಿ, ಫೋನ್ ಕಳೆದ ಮೇಲೆ ಒತ್ತೋಕೆ ಆಗಲ್ಲ.

ಸಿಕ್ಕವನು ಏನು ಮಾಡಬಹುದು

ಕಳೆದ ಫೋನಿನೊಳಗೂ ಆ ಕೀಲಿಗಳು ಇವೆಯಲ್ಲ, ಸಿಕ್ಕವನು ನಮ್ಮ ಗಿಟ್‌ಹಬ್ ತೆರೆದರೆ? ಪಾಸ್‌ಕೀ ಪ್ರತಿಸಲ ಬೆರಳೋ ಮುಖವೋ ಸ್ಕ್ರೀನ್ ಲಾಕೋ ಕೇಳುತ್ತೆ. ಹಾಗಾಗಿ ಲಾಕ್ ಆಗಿರುವ ಫೋನ್ ಸಿಕ್ಕರೆ ಅವನಿಗೆ ಏನೂ ಸಿಗಲ್ಲ. ಆದರೆ ಅವನಿಗೆ ಪಿನ್ ಗೊತ್ತಿದ್ದರೆ ಎಲ್ಲವೂ ಸಿಗುತ್ತೆ. ಬಸ್ಸಲ್ಲಿ ಪಕ್ಕ ಕೂತವನು ನೋಡುವಂತೆ 1234 ಅಂತಲೋ, ಹುಟ್ಟಿದ ವರ್ಷ ಅಂತಲೋ ಒತ್ತುವ ಪಿನ್ ಈಗ ಬರೀ ಫೋನಿನ ಬೀಗ ಅಲ್ಲ, ಎಲ್ಲ ಅಕೌಂಟುಗಳ ಬೀಗ. ಐಫೋನ್ ಕದಿಯುವ ಮೊದಲು ಪಾಸ್‌ಕೋಡ್ ಕದ್ದು ನೋಡುವ ಕಳ್ಳರು ಹೆಚ್ಚಾದ ಮೇಲೆ, ಆಪಲ್ 2024ರ ಜನವರಿಯಲ್ಲಿ ಐಒಎಸ್ 17.3 ಜೊತೆ ಕದ್ದ ಫೋನಿಗೆಂದೇ ಹೊಸ ರಕ್ಷಣೆ ಕೊಟ್ಟಿತು. ಅದು ಆನ್ ಇದ್ದರೆ ಪರಿಚಯವಿಲ್ಲದ ಜಾಗದಲ್ಲಿ ಕೀಚೈನ್ ತೆರೆಯೋಕೆ ಪಾಸ್‌ಕೋಡ್ ಸಾಲಲ್ಲ, ಮುಖ ಅಥವಾ ಬೆರಳೇ ಬೇಕು. ಕನಿಷ್ಠ ಆರು ಅಂಕಿಯ, ಊಹಿಸಲಾಗದ ಪಿನ್ ಇಡಿ ಅನ್ನೋದು ನಮ್ಮ ಸಲಹೆ.

ನಮ್ಮ ಗೆಳೆಯನ ಪಿನ್ ನಾಲ್ಕು ಅಂಕಿಯದ್ದು, ನಮ್ಮ ರೂಮಿನವರಿಗೆಲ್ಲ ಗೊತ್ತಿದ್ದದ್ದು. ಹಾಗಾಗಿ ಹಳೇ ಪಾಸ್‌ಕೀಯನ್ನು ರದ್ದು ಮಾಡೋಣ ಅಂದೆವು. ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತೆ. ಪಾಸ್‌ವರ್ಡ್ ಮ್ಯಾನೇಜರಿನಿಂದ ಪಾಸ್‌ಕೀ ಅಳಿಸಿದರೆ ನಮ್ಮ ಕಡೆಯ ಪ್ರೈವೇಟ್ ಕೀ ಹೋಗುತ್ತೆ ಅಷ್ಟೇ. ಆಫ್‌ಲೈನ್ ಇರುವ ಕಳೆದ ಫೋನಿಗೆ ಆ ಸುದ್ದಿಯೇ ತಲುಪಿರಲ್ಲ. ನಿಜವಾಗಿ ರದ್ದಾಗಬೇಕಾದರೆ ಸೈಟಿನ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿರುವ ಪಬ್ಲಿಕ್ ಕೀಯನ್ನು ತೆಗೆಯಬೇಕು. ಆಗ ಫೋನಿನಲ್ಲಿರುವ ಕೀಲಿಗೆ ಬೀಗವೇ ಇರಲ್ಲ. ಆದರೆ ಸಿಂಕ್ ಆದ ಪಾಸ್‌ಕೀ ಫೋನಲ್ಲೂ ಲ್ಯಾಪ್‌ಟಾಪಲ್ಲೂ ಒಂದೇ. ತೆಗೆದರೆ ಎರಡೂ ಕಡೆ ಹೋಗುತ್ತೆ. ಅದಕ್ಕೆ ನಾವು ಮೊದಲು ಲ್ಯಾಪ್‌ಟಾಪಿನ ವಿಂಡೋಸ್ ಹೆಲೋದಲ್ಲಿ ಗಿಟ್‌ಹಬ್‌ಗೆ ಇನ್ನೊಂದು ಪಾಸ್‌ಕೀ ಮಾಡಿದೆವು, ಅದರಿಂದ ಲಾಗಿನ್ ಆಗುತ್ತಾ ಅಂತ ನೋಡಿದೆವು, ಆಮೇಲೆ ಹಳೆಯದನ್ನು ತೆಗೆದೆವು. ಹೊಸದು ಮೊದಲು, ಅಳಿಸೋದು ಆಮೇಲೆ.

ಲ್ಯಾಪ್‌ಟಾಪೂ ಹೋಗಿದ್ದರೆ?

ಇಷ್ಟೆಲ್ಲ ಆದ ಮೇಲೆ ನಮಗೊಂದು ಹೆದರಿಕೆ ಹುಟ್ಟಿತು. ಅವನು ಲ್ಯಾಪ್‌ಟಾಪನ್ನೂ ಊರಿಗೆ ಒಯ್ದಿದ್ದು, ಬ್ಯಾಗೇ ಕಳೆದಿದ್ದರೆ? ಐದು ನಿಮಿಷದಲ್ಲಿ ಕೀಲಿ ಬಂದದ್ದು ಲ್ಯಾಪ್‌ಟಾಪಿನಲ್ಲಿ ಗೂಗಲ್ ಅಕೌಂಟ್ ಆಗಲೇ ತೆರೆದಿದ್ದರಿಂದ. ಅದಿಲ್ಲದಿದ್ದರೆ ಮೊದಲು ಗೂಗಲ್ ಅಕೌಂಟಿನ ಒಳಗೆ ಹೋಗಬೇಕು, ಆಮೇಲೆ ಪಿನ್ ಹಾಕಿ ಪಾಸ್‌ಕೀ ಬಿಚ್ಚಬೇಕು. ಎರಡು ಬಾಗಿಲು. ಮೊದಲನೆಯದನ್ನು ದಾಟೋಕೆ ಆಗುತ್ತಾ?

ಶನಿವಾರ ನಾವು ಪರೀಕ್ಷೆ ಮಾಡೇ ಬಿಟ್ಟೆವು. ನಾಲ್ವರ ಫೋನ್, ಲ್ಯಾಪ್‌ಟಾಪ್ ಎಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಪಕ್ಕದ ರೂಮಿನವನ ಲ್ಯಾಪ್‌ಟಾಪ್ ತಂದು, ಇನ್‌ಕಾಗ್ನಿಟೊ ಕಿಟಕಿ ತೆರೆದು, ಒಬ್ಬೊಬ್ಬರಾಗಿ ನಮ್ಮ ಗೂಗಲ್ ಅಕೌಂಟಿಗೆ ಹೋಗೋಕೆ ನೋಡಿದೆವು.

ಮೊದಲನೆಯವನು ಪಾಸ್‌ವರ್ಡ್ ಮರೆತಿದ್ದ. ತಿಂಗಳುಗಟ್ಟಲೆ ಟೈಪ್ ಮಾಡಿಲ್ಲ ಅಂದರೆ ಯಾರಿಗೆ ನೆನಪಿರುತ್ತೆ? `Try another way` ಒತ್ತಿದರೆ ಫೋನಿಗೆ ಬರುವ ಸೂಚನೆ, ಫೋನಿಗೆ ಬರುವ ಎಸ್ಸೆಮ್ಮೆಸ್. ಎಲ್ಲ ದಾರಿಯೂ ಬೀರುವಿಗೇ ಹೋಗುತ್ತಿತ್ತು.

ಎರಡನೆಯವನು ಬುದ್ಧಿವಂತ, ಬ್ಯಾಕಪ್ ಕೋಡ್ ತೆಗೆದಿಟ್ಟಿದ್ದ. ಎಲ್ಲಿ? ಸ್ಕ್ರೀನ್‌ಶಾಟ್ ಮಾಡಿ ಗೂಗಲ್ ಫೋಟೋಸ್‌ನಲ್ಲಿ. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬೀಗ ಹಾಕಿದಂತೆ. ನಗು ತಡೆಯೋಕಾಗಲಿಲ್ಲ, ಆದರೆ ನಮ್ಮ ಸರದಿ ಬಂದಾಗ ನಗು ನಿಂತಿತು.

ಮೂರನೆಯವನ ರಿಕವರಿ ಇಮೇಲ್ ಅವನ ಇನ್ನೊಂದು ಇಮೇಲ್. ಅದನ್ನು ತೆರೆಯೋಕೆ ಆಥೆಂಟಿಕೇಟರ್ ಆ್ಯಪಿನ ಕೋಡ್ ಬೇಕು. ಆ್ಯಪ್ ಬೀರುವಿನಲ್ಲಿ.

ನಾಲ್ಕನೆಯವನು ಪಾಸಾದ. ಅವನು ಪಕ್ಕದ ರೂಮಿನವನ ಫೋನ್ ತೆಗೆದುಕೊಂಡು ಅಮ್ಮನಿಗೆ ಕಾಲ್ ಮಾಡಿದ. "ಅಮ್ಮ, ನನ್ನ ಮಾರ್ಕ್ಸ್ ಕಾರ್ಡ್ ಫೈಲಲ್ಲಿ ಒಂದು ಚೀಟಿ ಇದೆ, ಓದು" ಅಂದ. ಅಮ್ಮ ಪಾಸ್‌ವರ್ಡ್ ಓದಿದರು, ಆಮೇಲೆ ಎಂಟು ಅಂಕಿಯ ಕೋಡ್ ಓದಿದರು, "ಊಟ ಮಾಡಿದ್ಯಾ" ಅಂತ ಕೇಳಿ ಇಟ್ಟರು. ಅಕೌಂಟ್ ತೆರೆಯಿತು. ಅವನ ದೊಡ್ಡತನ ಬರೀ ಚೀಟಿಯದ್ದಲ್ಲ, ಅಮ್ಮನ ನಂಬರ್ ಅವನಿಗೆ ಬಾಯಿಪಾಠ ಇತ್ತು. ಉಳಿದ ಮೂವರಿಗೆ ಅದೂ ಇರಲಿಲ್ಲ.

ನಮ್ಮ ಷರತ್ತು

ಅಂದರೆ ಪಾಸ್‌ಕೀಗೆ ಹೋದ ಮೂವರು ನಿಜವಾಗಿ ಪೂರ್ತಿ ಹೋಗಿರಲಿಲ್ಲ. ಎಲ್ಲ ಬಾಗಿಲುಗಳ ಕೀಲಿಯನ್ನೂ ಒಂದೇ ಜೇಬಿಗೆ ಹಾಕಿಕೊಂಡು ಓಡಾಡುತ್ತಿದ್ದೆವು. ಇದು ಪಾಸ್‌ಕೀಯ ತಪ್ಪಲ್ಲ. ಪಾಸ್‌ವರ್ಡ್ ಮತ್ತು ಓಟಿಪಿ ಇದ್ದಾಗಲೂ ಇದೇ ಸ್ಥಿತಿ ಇತ್ತು, ನಾವು ನೋಡಿರಲಿಲ್ಲ ಅಷ್ಟೇ.

ಪರಿಹಾರ ಸ್ವಲ್ಪ ಹಳೇ ಕಾಲದ್ದು: ಕಾಗದ. ಗೂಗಲ್‌ನಲ್ಲಿ ಪಾಸ್‌ಕೀ ಹಾಕಿ `Skip password when possible` ಆನ್ ಮಾಡಿದರೂ ಹಳೇ ಪಾಸ್‌ವರ್ಡ್ ಅಳಿಸಿಹೋಗಿರಲ್ಲ, ಹಿಂದೆ ಇದ್ದೇ ಇರುತ್ತೆ. ಅದನ್ನು ಒಂದು ಉದ್ದನೆಯ ಹೊಸ ಪಾಸ್‌ವರ್ಡ್‌ಗೆ ಬದಲಾಯಿಸಿ, ಕಾಗದದಲ್ಲಿ ಬರೆದು ಮನೆಯಲ್ಲಿಡಿ. ನಂತರ myaccount.google.com ನ ಭದ್ರತೆ ವಿಭಾಗದಲ್ಲಿ ಎರಡು ಹಂತದ ಪರಿಶೀಲನೆಗೆ ಹೋಗಿ ಬ್ಯಾಕಪ್ ಕೋಡ್ ತೆಗೆಯಿರಿ. ಹತ್ತು ಕೋಡ್ ಸಿಗುತ್ತೆ, ಒಂದೊಂದೂ ಒಂದೇ ಸಲ ನಡೆಯುತ್ತೆ, ಹೊಸ ಸೆಟ್ ತೆಗೆದರೆ ಹಳೇ ಸೆಟ್ ರದ್ದು. ಕೋಡ್ ಒಂದೇ ಇದ್ದರೆ ಸಾಲಲ್ಲ, ಅದು ಪಾಸ್‌ವರ್ಡ್ ಹಾಕಿದ ಮೇಲಿನ ಎರಡನೇ ಹಂತ. ಅದಕ್ಕೇ ಎರಡೂ ಬೇಕು. ಮನೆಯ ಫೈಲಲ್ಲಿರುವ ಚೀಟಿಯನ್ನು ಇಂಟರ್ನೆಟ್ಟಿನ ಕಳ್ಳ ನೋಡೋಕಾಗಲ್ಲ. ದಿನಾ ಟೈಪ್ ಮಾಡದ ಪಾಸ್‌ವರ್ಡನ್ನು ನಕಲಿ ಪೇಜಿಗೆ ಹಾಕುವ ಸಂದರ್ಭವೂ ಕಡಿಮೆ. ಆದರೆ ಮನೆಯವರಿಗೆ ಒಂದು ಮಾತು ಹೇಳಿಡಿ: ಮಗ ಅಥವಾ ಮಗಳು ತಾನೇ ಕಾಲ್ ಮಾಡಿ, ದನಿ ಗುರುತು ಸಿಕ್ಕಿದರೆ ಮಾತ್ರ ಓದಬೇಕು, ಬೇರೆ ಯಾರು ಕೇಳಿದರೂ ಇಲ್ಲ.

ಗಿಟ್‌ಹಬ್‌ಗೆ ಬೇರೆ ರಿಕವರಿ ಕೋಡುಗಳಿವೆ, ಅವನ್ನೂ ಪ್ರಿಂಟ್ ತೆಗೆದು ಅದೇ ಫೈಲಿಗೆ ಸೇರಿಸಿ. ಎರಡು ಹಂತದ ಪರಿಶೀಲನೆ ಇರುವ ಅಕೌಂಟಿನ ಎಲ್ಲ ದಾರಿಯೂ ಕಳೆದರೆ ತಾವು ವಾಪಸ್ ಕೊಡಿಸಲು ಆಗಲ್ಲ ಅಂತ ಅವರೇ ಸ್ಪಷ್ಟವಾಗಿ ಬರೆದಿದ್ದಾರೆ. ಮಿನಿ ಪ್ರಾಜೆಕ್ಟ್ ರಿಪಾಸಿಟರಿಗೆ ಟೀಮಿನ ಇನ್ನೊಬ್ಬನನ್ನೂ ಸೇರಿಸಿಡೋದು ಒಳ್ಳೆಯದು.

ಇನ್ನು ಫೋನಿನ ಪಿನ್. ಬೆರಳಿಟ್ಟು ತೆರೆದು ತೆರೆದು ಪಿನ್ ಮರೆತರೆ, ಗೂಗಲ್ ಅಕೌಂಟಿನ ಒಳಗೆ ಹೋದರೂ ಹಳೇ ಪಾಸ್‌ಕೀಗಳನ್ನು ಬಿಚ್ಚೋಕಾಗಲ್ಲ. ಎಷ್ಟು ಸಲ ಬೇಕಾದರೂ ಊಹಿಸಿ ನೋಡೋಣ ಅಂದರೆ ಅದಕ್ಕೂ ಮಿತಿ ಇದೆ. ಆಗ ಒಂದೊಂದೇ ಸೈಟಿನ ರಿಕವರಿ ದಾರಿ ಹಿಡಿದು ಅಲೆಯಬೇಕು. ಪಿನ್ ಮಾತ್ರ ತಲೆಯಲ್ಲೇ ಇರಲಿ.

ಇದು ಅತಿಯಾಯ್ತು ಅಂತ ಕೆಲವರು ಹೇಳಬಹುದು. ನಮ್ಮ ಗೆಳೆಯನೂ ಮೊದಲು ಹಾಗೇ ಅಂದ: "ಕಾಗದದಲ್ಲಿ ಪಾಸ್‌ವರ್ಡ್ ಬರೀಬೇಕಂದ್ರೆ ಪಾಸ್‌ಕೀ ಯಾಕೆ ಬೇಕು?" ಪಾಸ್‌ಕೀ ದಿನನಿತ್ಯಕ್ಕೆ, ಕಾಗದ ಫೋನ್ ಕಳೆದ ದಿನಕ್ಕೆ. ದಿನಾ ಮೋಸ ಹೋಗುವ ಅಪಾಯವನ್ನು ಒಂದು ತಡೆಯುತ್ತೆ, ಎಂದೋ ಒಂದು ದಿನ ಬೀದಿಗೆ ಬೀಳುವುದನ್ನು ಇನ್ನೊಂದು ತಡೆಯುತ್ತೆ. ಒಂದರ ಕೆಲಸವನ್ನು ಇನ್ನೊಂದು ಮಾಡಲ್ಲ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು. ಪಾಸ್‌ಕೀಗೆ ಹೋಗಿ, ಈ ವಾರವೇ ಹೋಗಿ. ಆದರೆ ಅದಕ್ಕೂ ಮೊದಲು ಒಂದು ಶನಿವಾರ ಫೋನ್, ಲ್ಯಾಪ್‌ಟಾಪ್ ಎರಡನ್ನೂ ಬೀರುವಿನಲ್ಲಿಟ್ಟು, ಗೆಳೆಯನ ಲ್ಯಾಪ್‌ಟಾಪಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ನಿಮ್ಮ ಅಕೌಂಟಿಗೆ ಹೋಗೋಕೆ ಆಗುತ್ತಾ ನೋಡಿ. ಆಗದಿದ್ದರೆ ಸುಮ್ಮನೆ ಮತ್ತೆ ಮತ್ತೆ ಪ್ರಯತ್ನಿಸಬೇಡಿ. ಬೀರು ತೆರೆದು, ಏನು ಕಡಿಮೆ ಇದೆಯೋ ಅದನ್ನು ಸರಿಮಾಡಿ, ಮುಂದಿನ ಶನಿವಾರ ಮತ್ತೆ ನೋಡಿ.

ನಮ್ಮ ಗೆಳೆಯನ ಫೋನ್ ಇನ್ನೂ ಸಿಕ್ಕಿಲ್ಲ. ಹೊಸ ಫೋನ್ ತಗೊಂಡಿದ್ದಾನೆ, ಆರು ಅಂಕಿಯ ಪಿನ್ ಇಟ್ಟಿದ್ದಾನೆ, ಅದು ನಮಗ್ಯಾರಿಗೂ ಗೊತ್ತಿಲ್ಲ. ಹೋದ ಹಬ್ಬಕ್ಕೆ ಊರಿಗೆ ಹೋದವನು ತನ್ನ ಹೆಸರಲ್ಲೇ ಸಿಮ್ ಮಾಡಿಸಿಕೊಂಡ, ಮಾರ್ಕ್ಸ್ ಕಾರ್ಡ್ ಫೈಲಿಗೆ ಒಂದು ಚೀಟಿ ಸೇರಿಸಿ ಬಂದ. ಅಮ್ಮನ ನಂಬರನ್ನು ಬಸ್ಸಲ್ಲಿ ಬರುವಾಗ ಬಾಯಿಪಾಠ ಮಾಡಿಕೊಂಡನಂತೆ. ಈ ಸಲ ಚಕ್ಕುಲಿ ಡಬ್ಬಿಯ ಜೊತೆ ಫೋನೂ ಬಂತು.